ಸಹಾಯ ಬೇಕು: ಮೀಡಿಯನ್ ಸರಿ ಇದೆ, ಸರಾಸರಿ ಮಾತ್ರ ತಾಳೆ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಐರಿಸ್ ಹೂವಿನ ದತ್ತಾಂಶ ಬಳಸಿದ ಒಂದು ಸಂಶೋಧನಾ ಪ್ರಬಂಧದ ಟೇಬಲ್‌ನ್ನ ಮೂಲ ಅಂಕಿಗಳ ಜೊತೆ ಹೋಲಿಸಿ ನೋಡ್ತಿದ್ದೀನಿ. ಸೆಟೋಸಾದ 50 ಹೂಗಳ ಸೆಪಲ್ ಅಗಲಕ್ಕೆ ಅವರು ಕೊಟ್ಟಿರೋದು ಸರಾಸರಿ 3.428, ಮೀಡಿಯನ್ 3.4, ಎಸ್‌ಡಿ 0.379. ನಾನು ಯುಸಿಐ ತಾಣದ `iris.data` ಫೈಲ್ ಇಟ್ಕೊಂಡು ಲೆಕ್ಕ ಹಾಕಿದ್ರೆ ಸರಾಸರಿ 3.418 ಬರುತ್ತೆ. ಮೀಡಿಯನ್ ಮಾತ್ರ ಸರಿಯಾಗಿ 3.4.

ಎಸ್‌ಡಿಗೆ n ಇಂದ ಭಾಗಿಸಿದಾರೋ n-1 ಇಂದಲೋ ಅಂತ ಎರಡೂ ಮಾಡಿ ನೋಡಿದೆ:

```
np.std(x)          # 0.377
np.std(x, ddof=1)  # 0.381
```

ಅವರ 0.379 ಇವೆರಡರ ಮಧ್ಯೆ ಕೂತಿದೆ! ಅಂದ್ರೆ ಸೂತ್ರ ಬದಲಾಯಿಸಿದ್ರೆ ಸರಿಹೋಗಲ್ಲ, ಅಂಕಿಗಳೇ ಬೇರೆ ಇರಬೇಕು. ದಶಮಾಂಶ ಕತ್ತರಿಸಿದ್ದೂ ಕಾರಣ ಅಲ್ಲ. ಸರಾಸರಿಯ ವ್ಯತ್ಯಾಸ 0.010, ಅದನ್ನ 50 ಇಂದ ಗುಣಿಸಿದ್ರೆ ಮೊತ್ತದಲ್ಲಿ ಸರಿಯಾಗಿ 0.5 ಕಮ್ಮಿ. ಯಾವುದೋ ಒಂದು ಹೂವಿನ ಅಳತೆ ತಪ್ಪಾಗಿ ಟೈಪ್ ಆಗಿದ್ರೆ ಇಷ್ಟೇ ಆಗೋದು. ನಡುವಿನ ಅಂಕಿ ಕದಲದೇ ಇರೋದ್ರಿಂದ ಮೀಡಿಯನ್‌ಗೆ ಇದು ಗೊತ್ತೇ ಆಗಿಲ್ಲ.

ಫೈಲ್‌ನ್ನ ಸಾಲು ಸಾಲಾಗಿ ಕಣ್ಣಲ್ಲೇ ಓದಿದಾಗ 10, 35, 38ನೇ ಸಾಲುಗಳು ಮೂರೂ ಒಂದೇ ಥರ ಕಂಡ್ವು: 4.9, 3.1, 1.5, 0.1. ಇದರಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸ್ತಿದೆ, ಆದ್ರೆ ಅನುಮಾನದ ಮೇಲೆ ಅಂಕಿ ತಿದ್ದೋಕೆ ಮನಸ್ಸು ಒಪ್ತಿಲ್ಲ.

ಫಿಶರ್ ಅವರ 1936ರ ಲೇಖನದ ಟೇಬಲ್ ಯಾರ ಹತ್ರನಾದ್ರೂ ಇದ್ರೆ, ಅಥವಾ ಆರ್‌ನಲ್ಲಿರೋ `iris` ನೋಡಿ, ಈ ಮೂರು ಸಾಲಿನ ನಿಜವಾದ ಅಂಕಿಗಳೇನು ಅಂತ ಹೇಳ್ತೀರಾ?