ಸಹಾಯ ಬೇಕು: ರಾಹು ಏಳನೇ ಮನೆಯಲ್ಲೋ, ಆರನೇ ಮನೆಯಲ್ಲೋ?

ಎಲ್ಲರಿಗೂ ನಮಸ್ಕಾರ್ರೀ. ನಾನು ಹುಬ್ಬಳ್ಳಿಯವನು. ಗೆಳೆಯನ ಜೊತೆ ಪಾಲಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ ಶುರು ಮಾಡಬೇಕು ಅಂತಿದ್ದೇನೆ. ಅಪ್ಪ ಬೇಡ ಅಂತಾರೆ. ಏಳನೇ ಮನೆ ಹೆಂಡತಿಗಷ್ಟೇ ಅಲ್ಲ, ಪಾಲುದಾರನಿಗೂ ಸೇರಿದ್ದಂತೆ. ಅಲ್ಲಿ ರಾಹು ಇದ್ದರೆ ಪಾಲುದಾರ ಮೋಸ ಮಾಡ್ತಾನೆ ಅಂತ ಗದಗಿನ ಜೋಯಿಸರು ಹೇಳಿದ್ದಾರೆ.

ನನ್ನದು ಮೇಷ ಲಗ್ನ, 27 ಡಿಗ್ರಿ. ರಾಹು ತುಲಾ 10ರಲ್ಲಿದ್ದಾನೆ. ರಾಶಿ ಕುಂಡಲಿಯಲ್ಲಿ ಇದು ಏಳನೇ ಮನೆಯೇ. ಆದರೆ ಲಗ್ನದ ಡಿಗ್ರಿಯನ್ನು ಮನೆಯ ನಡುಮಧ್ಯ ಅಂತ ಹಿಡಿದು, ಆಚೆ ಈಚೆ 15 ಡಿಗ್ರಿ ಲೆಕ್ಕ ಹಾಕಿದರೆ ಏಳನೇ ಮನೆ ಶುರುವಾಗೋದೇ ತುಲಾ 12ರಿಂದ. ಅಂದರೆ ಭಾವ ಕುಂಡಲಿಯಲ್ಲಿ ರಾಹು ಆರಕ್ಕೆ ಜಾರುತ್ತಾನೆ. ಎದುರಿನ ಕೇತು ಒಂದರಿಂದ ಹನ್ನೆರಡಕ್ಕೆ ಹೋಗುತ್ತಾನೆ. ಆರರ ರಾಹು ಶತ್ರುಗಳ ಮೇಲೆ ನಮ್ಮನ್ನು ಗೆಲ್ಲಿಸ್ತಾನೆ ಅಂತಾರೆ! ಅದೇ ಜಾತಕ, ಫಲ ಮಾತ್ರ ಉಲ್ಟಾ.

ಇನ್ನೊಂದು ತೊಡಕಿದೆ. ಲಗ್ನ ಒಂದು ಡಿಗ್ರಿ ಸರಿಯೋಕೆ ಸುಮಾರು ನಾಲ್ಕು ನಿಮಿಷ ಸಾಕು. ನಾನು ಹುಟ್ಟಿದ್ದು ಹತ್ತು ನಿಮಿಷ ಮುಂಚೆ ಅಂತಾದರೆ ರಾಹು ಮತ್ತೆ ಏಳಕ್ಕೆ ಬರ್ತಾನೆ. ಅವ್ವ ಹೇಳಿದ್ದು ‘ಸುಮಾರು’ ಸಮಯ ಅಷ್ಟೇ.

ನನಗಂತೂ ನಂಬಿಕೆ ಕಡಿಮೆ. ಒಂದು–ಏಳರಲ್ಲಿ ರಾಹು ಕೇತು ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬರಿಗೆ ಇರ್ತಾರೆ, ಅಷ್ಟೂ ಜನರ ಪಾಲುದಾರಿಕೆ ಮುರಿದಿದೆಯಾ? ಆದರೆ ದುಡ್ಡು ಅಪ್ಪನದು, ಅವರು ಒಪ್ಪಬೇಕಲ್ಲ.

ಇಂಥ ಸಂಧಿಯಲ್ಲಿ ನೀವು ಯಾವ ಕುಂಡಲಿ ನೋಡ್ತೀರಿ, ಯಾಕೆ? ಹಳೇ ಆಸ್ಪತ್ರೆ ದಾಖಲೆಯಿಂದ ಹುಟ್ಟಿದ ಸಮಯ ತೆಗೆಸಿದವರು ಯಾರಾದರೂ ಇದ್ದರೆ ಹೇಗೆ ಅಂತ ಹೇಳಿ.