ಒಂದೇ ಹಾಳೆಗೆ ಒಬ್ಬರು 4, ಇನ್ನೊಬ್ಬರು 2: ತಿದ್ದುವ ಮಾನದಂಡ ಹೇಗಿರಬೇಕು?

ಉಡುಪಿಯಿಂದ ಪ್ರಶ್ನೆ: ಪ್ರಕಟಣೆಯನ್ನು ನಾಲ್ಕು ಸಾಲಿಗೆ ಇಳಿಸುವುದನ್ನು ಮಕ್ಕಳಿಗೆ ಕಲಿಸ್ತಾ ಇದ್ದೇವೆ. "ಸ್ಪಷ್ಟ, ನಿಖರ, ಗುಣಮಟ್ಟದ ಬರಹ" ಅಂತ 5ರಲ್ಲಿ ಅಂಕ. ತಿದ್ದುವ ಇಬ್ಬರಿಗೂ ತಾಳೆಯಾಗುವುದೇ ಇಲ್ಲ. ಏನು ಮಾಡುವುದು?

ಸುರತ್ಕಲ್: ಮೂಲದಲ್ಲಿ ಹೀಗುಂಟು ಅಂತ ಇಟ್ಟುಕೊಳ್ಳಿ: ತುಂಬೆಯಲ್ಲಿ ದುರಸ್ತಿ, ಬುಧವಾರ ಬೆಳಿಗ್ಗೆ 6ರಿಂದ ಗುರುವಾರ ಬೆಳಿಗ್ಗೆ 6ರವರೆಗೆ ಕದ್ರಿ, ಬಿಜೈ, ಕಾವೂರಿಗೆ ನೀರಿಲ್ಲ. ಹುಡುಗ ಬರೆದದ್ದು: "ತುಂಬೆಯಲ್ಲಿ ದುರಸ್ತಿ ಇರುವುದರಿಂದ ಬುಧವಾರ ಬೆಳಿಗ್ಗೆ 6ರಿಂದ ಕದ್ರಿ, ಬಿಜೈ, ಕಾವೂರಿನಲ್ಲಿ ನೀರು ಬರುವುದಿಲ್ಲ. ಸಾರ್ವಜನಿಕರು ಸಹಕರಿಸಬೇಕು." ಭಾಷೆ ನೋಡಿದವರು 4 ಕೊಡ್ತಾರೆ. ನೀರು ಯಾವಾಗ ಬರ್ತದೆ ಅಂತ ಹುಡುಕಿದವರು 2 ಕೊಡ್ತಾರೆ. ಇಬ್ಬರೂ ಸರಿಯೇ ಓದಿದ್ದಾರೆ. ಯಾವುದಕ್ಕೆ ಎಷ್ಟು ತೂಕ ಅಂತ ನಿಮ್ಮ ಸಾಲು ಹೇಳಿಲ್ಲ, ಅವರವರ ತಕ್ಕಡಿ ಅವರವರದು.

ಅದರ ಬದಲು ನಾಲ್ಕು ಷರತ್ತು ಇಡಿ: ಮೂರೂ ಊರು ಉಂಟಾ? ಶುರುವಾಗುವ ದಿನ-ಗಂಟೆ ಉಂಟಾ? ಮುಗಿಯುವ ದಿನ-ಗಂಟೆ ಉಂಟಾ? ಮೂಲದಲ್ಲಿ ಇಲ್ಲದ ಮಾಹಿತಿ ಏನೂ ಇಲ್ಲವಾ? ಪ್ರತಿಯೊಂದಕ್ಕೂ ಹೌದು ಅಥವಾ ಅಲ್ಲ, ನಾಲ್ಕೂ ಹೌದಾದರೆ ಮಾತ್ರ ಪಾಸ್. ಈ ಹಾಳೆ ಮೂರನೆಯದರಲ್ಲಿ ಫೇಲ್, ಅದಕ್ಕೆ ಇಬ್ಬರದ್ದೂ ಒಪ್ಪಿಗೆ ಸಿಗ್ತದೆ. ಜಗಳ ಉಳಿಯುವುದು ನಾಲ್ಕನೆಯದರಲ್ಲಿ, "ಸಹಕರಿಸಬೇಕು" ಎಂಬುದು ಮಾಹಿತಿಯಾ? ಅದಕ್ಕೆ "ಸೌಜನ್ಯದ ಮಾತು ಲೆಕ್ಕಕ್ಕಿಲ್ಲ" ಅಂತ ಒಂದು ಸಾಲು ಸೇರಿಸಿದರೆ ಮುಗಿಯಿತು. 4-2ರ ಜಗಳದಲ್ಲಿ ಎಲ್ಲಿ ತಿದ್ದಬೇಕು ಅಂತಲೇ ಗೊತ್ತಾಗುವುದಿಲ್ಲ.

ಕುಂದಾಪುರ: ಹಾಗಾದ್ರೆ ಷರತ್ತು ಜಾಸ್ತಿಯಾದಷ್ಟು ಒಳ್ಳೆಯದಲ್ವಾ? "ಊರು, ಕಾರಣ ಸರಿಯಾಗಿವೆ", "ಓದಲು ಹಿತವಾಗಿದೆ" ಅಂತಲೂ ಹಾಕಿ.

ಸುರತ್ಕಲ್: ಊರು ಸರಿ, ಕಾರಣ ತಪ್ಪಾದರೆ ಏನು ಬರೆಯುವುದು ಮಾರಾಯ್ರೆ? ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಅಲ್ಲ ಅಂತಾರೆ. ಒಂದು ಷರತ್ತಿನಲ್ಲಿ ಒಂದೇ ಸಂಗತಿ ಇರಲಿ. "ಹಿತವಾಗಿದೆ" ಅಂದರೆ ಹಳೇ "ಗುಣಮಟ್ಟ"ವೇ ಹಿತ್ತಿಲ ಬಾಗಿಲಿಂದ ಬಂದ ಹಾಗೆ.

ಕಾಪು: ನಮ್ಮ ನೀರುದೋಸೆ ಸ್ಪರ್ಧೆಗೂ ಇದನ್ನೇ ಇಡ್ತೇನೆ. ತೂತು ಬಿದ್ದಿದೆಯಾ, ಹರಿಯದೆ ಮಡಚಲು ಆಗ್ತದಾ…

ಮಣಿಪಾಲ: ಅಲ್ಲಿ ಹತ್ತು ಜನ ಪಾಸಾದರೆ ಮೊದಲ ಬಹುಮಾನ ಯಾರಿಗೆ? ಅದಕ್ಕೆ ಎರಡೆರಡು ದೋಸೆ ಪಕ್ಕಪಕ್ಕ ಇಟ್ಟು ಹೋಲಿಸಬೇಕಾಗ್ತದೆ.

ಉಡುಪಿಯವರೇ, ಶುರು ಮಾಡುವ ಮೊದಲು 20 ಹಾಳೆಯನ್ನು ಇಬ್ಬರೂ ಮಾತಾಡದೆ ಬೇರೆ ಬೇರೆ ತಿದ್ದಿ, ಒಂದೊಂದು ಷರತ್ತಿಗೂ ಎಷ್ಟು ಹಾಳೆಯಲ್ಲಿ ತಾಳೆಯಾಯ್ತು ಅಂತ ಎಣಿಸಿ. ಒಂದು ಎಚ್ಚರ: ಇಬ್ಬರೂ 20ರಲ್ಲಿ ತಲಾ 18ಕ್ಕೆ ಪಾಸ್ ಕೊಡುವವರಾದರೆ, ಹಾಳೆ ಓದದೆ ಕಣ್ಣುಮುಚ್ಚಿ ಕೊಟ್ಟರೂ ಸರಾಸರಿ 82% ತಾಳೆ ಬರ್ತದೆ (0.9×0.9 + 0.1×0.1). ಹಾಗಾಗಿ 20ರಲ್ಲಿ ಸುಮಾರು ಅರ್ಧದಷ್ಟು ಹಾಳೆಗಳಲ್ಲಿ ತಪ್ಪಿರುವ ಹಾಗೆ ಆರಿಸಿ.

ಉಡುಪಿಯಿಂದ: ನಾಲ್ಕೂ ಪಾಸ್, ಆದರೆ ಓದಿದರೆ ತಲೆಬುಡ ತಿಳಿಯುವುದಿಲ್ಲ. ಅಂಥದ್ದಕ್ಕೆ?

ಸುರತ್ಕಲ್: ಈಗಿನ ಷರತ್ತಿನಲ್ಲಿ ಪಾಸೇ. ತಾಳೆಯಾಯ್ತು ಅಂದ ಮಾತ್ರಕ್ಕೆ ತೀರ್ಪು ಸರಿ ಅಂತಲ್ಲ. ಎಲ್ಲಿ ಎಡವಿದಿರಿ ನೋಡಿ. ಒಂದೇ ವಾಕ್ಯದಲ್ಲಿ ಎರಡು ದಿನಾಂಕ ಸಿಕ್ಕಿಕೊಂಡಿದ್ದರೆ ಅದನ್ನೇ ಐದನೇ ಷರತ್ತು ಮಾಡಿ.

ಕುಂದಾಪುರ: ಎಲ್ಲ ಎಡವಟ್ಟಿಗೂ ಹಾಗೆ ಹೆಸರಿಡ್ಲಿಕ್ಕೆ ಆಗ್ತದಾ? ನನಗೆ ನಂಬಿಕೆ ಇಲ್ಲ.