ಸಹಾಯ ಬೇಕು: ಅಳಿವಿನ ಸಂಭವನೀಯತೆಗೆ ಚಿಕ್ಕ ಮೂಲವೇ ಏಕೆ?

ಗೆಳೆಯರೇ, ಗಾಲ್ಟನ್–ವಾಟ್ಸನ್ ಕವಲೊಡೆಯುವ ಪ್ರಕ್ರಿಯೆಯ ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೇನೆ. ಒಂದೇ ಜೀವಿಯಿಂದ ಸಂತತಿ ಶುರುವಾಗುತ್ತದೆ. ಪ್ರತಿ ಜೀವಿಗೂ ಮರಿ ಇಲ್ಲದಿರುವ ಸಂಭವನೀಯತೆ 1/4, ಒಂದು ಮರಿಯದು 1/4, ಎರಡರದು 1/2. ವಂಶ ಎಂದಾದರೂ ಪೂರ್ತಿ ಅಳಿಯುವ ಸಂಭವನೀಯತೆ s ಆದರೆ, ಹುಟ್ಟಿದ ಪ್ರತಿ ಮರಿಯ ಕವಲೂ ಸ್ವತಂತ್ರವಾಗಿ ಅಳಿಯಬೇಕು. ಹಾಗಾಗಿ

```
s = 1/4 + s/4 + s²/2
```

ಇದರ ಮೂಲಗಳು 1/2 ಮತ್ತು 1. ಪುಸ್ತಕ ಏನನ್ನೂ ವಿವರಿಸದೆ ‘ಚಿಕ್ಕದನ್ನು ತೆಗೆದುಕೊಳ್ಳಿ’ ಎಂದುಬಿಡುತ್ತದೆ. 1874ರಲ್ಲಿ ಸ್ವತಃ ವಾಟ್ಸನ್ ಅವರೇ 1 ಎಂಬ ಮೂಲವನ್ನು ಹಿಡಿದು, ಮನೆತನದ ಹೆಸರುಗಳೆಲ್ಲ ಅಳಿದೇ ಅಳಿಯುತ್ತವೆ ಎಂದುಕೊಂಡಿದ್ದರಂತೆ. ನನ್ನ ಗೊಂದಲಕ್ಕೆ ಒಳ್ಳೆಯ ಜೊತೆಯೇ ಸಿಕ್ಕಿದೆ!

n ತಲೆಮಾರಿನೊಳಗೆ ಅಳಿಯುವ ಸಂಭವನೀಯತೆಯನ್ನು 0ಯಿಂದ ಆರಂಭಿಸಿ, ಪ್ರತಿ ಬೆಲೆಯನ್ನೂ ಮತ್ತೆ ಬಲಬದಿಗೆ ಹಾಕುತ್ತಾ ಹೋದೆ: 0.25, 0.344, 0.395… ಏರುತ್ತಲೇ 0.5ರ ಕಡೆ ಸಾಗುತ್ತದೆ. ಏರುವ ಈ ಶ್ರೇಣಿ 1ನ್ನು ಮೀರದ ಕಾರಣ ಯಾವುದೋ ಒಂದು ಮೂಲದಲ್ಲಿ ನಿಲ್ಲಲೇಬೇಕು ಎಂಬುದು ಅರ್ಥವಾಗುತ್ತದೆ. ಆದರೆ ಅದು 0.5ನ್ನು ದಾಟಿ 1ರವರೆಗೆ ಹೋಗಲಾರದು ಎಂದು ಸಾಧಿಸುವುದು ಹೇಗೆ? ಬಲಬದಿಯ ಬೆಲೆ s ಜೊತೆ ಏರುತ್ತದೆ ಎಂಬುದಷ್ಟೇ ಸಾಕೇ, ಅಥವಾ ಸರಾಸರಿ ಮರಿಗಳ ಸಂಖ್ಯೆ 1.25, ಅಂದರೆ 1ಕ್ಕಿಂತ ಹೆಚ್ಚು, ಎಂಬುದೂ ಆ ಸಾಧನೆಗೆ ಬೇಕೇ?